ಊರಿನ ಉಕಾರ, ಗುರುವಿನ ಉಕಾರ

‘ಊರು’ ಪದಕ್ಕೆ ‘ಅನ್ನು’ ಸೇರಿಸಿ: ಊರನ್ನು. ‘ಗುರು’ ಪದಕ್ಕೂ ಅದನ್ನೇ ಸೇರಿಸಿ: ಗುರುವನ್ನು. ಎರಡೂ ‘ರು’ ಎಂದೇ ಮುಗಿಯುವ ಪದಗಳು. ಒಂದರಲ್ಲಿ ಉಕಾರ ಬಿದ್ದುಹೋಯಿತು, ಇನ್ನೊಂದರಲ್ಲಿ ಉಳಿದು ಜೊತೆಗೆ ‘ವ’ಕಾರವನ್ನೂ ಕರೆತಂದಿತು. ‘ಗುರನ್ನು’ ಎಂದು ಚಿಕ್ಕ ಮಗುವೂ ಹೇಳುವುದಿಲ್ಲ. ಹೀಗೇಕೆ ಎಂಬುದು ತಿಳಿದರೆ ಕನ್ನಡ ಸಂಧಿಯ ಮುಕ್ಕಾಲು ಪಾಲು ತಿಳಿದಂತೆ.

ಸ್ವರದ ಮುಂದೆ ಸ್ವರ ಬಂದಾಗ ನಾಲಿಗೆ ನಡುವೆ ತಡೆಯುತ್ತದೆ. ಆ ತಡೆ ನೀಗಲು ಕನ್ನಡಕ್ಕೆ ಎರಡು ದಾರಿಗಳಿವೆ. ಮೊದಲ ಸ್ವರವನ್ನು ಬಿಟ್ಟುಬಿಡುವುದು ಒಂದು, ಅದು ಲೋಪಸಂಧಿ. ಎರಡರ ನಡುವೆ ಹೊಸದಾಗಿ ಒಂದು ವ್ಯಂಜನವನ್ನು ತರುವುದು ಇನ್ನೊಂದು, ಅದು ಆಗಮಸಂಧಿ. ಯಾವಾಗ ಯಾವ ದಾರಿ? ಅರ್ಥ ಕೆಡದಿದ್ದರೆ ಲೋಪ, ಕೆಡುವಂತಿದ್ದರೆ ಆಗಮ ಎನ್ನುತ್ತದೆ ವ್ಯಾಕರಣ. ಮಕ್ಕಳು ಸೂತ್ರವನ್ನು ಬಾಯಿಪಾಠ ಮಾಡುತ್ತಾರೆ, ‘ಅರ್ಥ ಕೆಡುವುದು’ ಎಂದರೇನು ಎಂಬುದನ್ನು ಮಾತ್ರ ನೋಡುವುದಿಲ್ಲ. ‘ಮಗು’ವಿನ ಉಕಾರ ತೆಗೆದು ‘ಮಗನ್ನು’ ಎಂದು ನೋಡಿ. ಕೇಳಿದವರಿಗೆ ಮಗನೋ ಮಗುವೋ ತಿಳಿಯದು. ಅದಕ್ಕೇ ‘ಮಗುವನ್ನು’.

ಇದರ ಹಿಂದೆ ಒಂದು ಹಳೆಯ ಕಥೆಯಿದೆ. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ವಿವರಿಸಿದ ಹಳಗನ್ನಡದಲ್ಲಿ ಊರು, ಕಾಲು, ಕಣ್ಣು, ಬಾಗಿಲು ಎಂಬ ಪದಗಳು ಊರ್, ಕಾಲ್, ಕಣ್, ಬಾಗಿಲ್ ಎಂದು ವ್ಯಂಜನದಲ್ಲೇ ಮುಗಿಯುತ್ತಿದ್ದವು. ಕೊನೆಯ ಉಕಾರ ಉಚ್ಚಾರಣೆಯ ಅನುಕೂಲಕ್ಕೆ ಆಮೇಲೆ ಬಂದು ಸೇರಿದ್ದು. ಬೇರೊಂದು ಸ್ವರ ಬಂದರೆ ಅದು ಸುಲಭವಾಗಿ ಜಾಗ ಬಿಡುತ್ತದೆ. ಗುರು, ಪಶು, ಮಗು, ಹಸು, ಕರು ಇವುಗಳ ಉಕಾರ ಪದದ ಮೈಯೊಳಗಿನದು. ತೆಗೆದರೆ ಪದವೇ ಮುರಿಯುತ್ತದೆ. ನಮ್ಮ ಕಾಲದ ಪದಗಳಲ್ಲೂ ಇದನ್ನು ಕಾಣಬಹುದು. ಬಸ್, ಕಾರ್ ಎಂಬವು ಕನ್ನಡಕ್ಕೆ ಬಂದು ಬಸ್ಸು, ಕಾರು ಆದವು. ಅವುಗಳ ಉಕಾರ ನಾವೇ ಅಂಟಿಸಿದ್ದು. ಆದ್ದರಿಂದ ‘ಬಸ್ಸನ್ನು’, ‘ಕಾರನ್ನು’ ಎಂದು ಹೇಳುವಾಗ ಅದು ಬಿದ್ದುಹೋಗುತ್ತದೆ. ಕರುವನ್ನು, ಕಾರನ್ನು: ಎರಡನ್ನೂ ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ.

ಆಗಮದಲ್ಲಿ ‘ಯ’ ಬರುತ್ತದೋ ‘ವ’ ಬರುತ್ತದೋ ಎಂಬುದನ್ನು ಬಾಯಿಯೇ ಹೇಳುತ್ತದೆ. ಇ, ಈ, ಎ, ಏ, ಐ ಹೇಳುವಾಗ ನಾಲಿಗೆ ಮುಂದಕ್ಕೆ ಏರುತ್ತದೆ. ಅಲ್ಲಿಂದ ‘ಯ’ ಹತ್ತಿರ. ಕುರಿಯನ್ನು, ಮನೆಯನ್ನು, ಕೈಯನ್ನು. ಉ, ಊ, ಓ ಹೇಳುವಾಗ ತುಟಿ ದುಂಡಗಾಗುತ್ತದೆ. ಅಲ್ಲಿಂದ ‘ವ’ ಹತ್ತಿರ. ಹಸುವನ್ನು, ಹೂವನ್ನು, ಗೋವನ್ನು. ‘ಮರವನ್ನು’ ಎಂಬಲ್ಲಿ ಅಕಾರದ ಮುಂದೆಯೂ ‘ವ’ ಬರುವುದನ್ನು ಬೇರೆಯಾಗಿ ನೆನಪಿಡಬೇಕು.

ಪರೀಕ್ಷೆಯಲ್ಲಿ ಹೆಚ್ಚು ಅಂಕ ಹೋಗುವುದು ಪದ ಬಿಡಿಸುವಾಗ. ‘ಮನೆಯನ್ನು’ ಪದವನ್ನು ‘ಮನೆ + ಯನ್ನು’ ಎಂದು ಬರೆಯುವವರಿದ್ದಾರೆ. ‘ಯನ್ನು’ ಎಂಬ ಪ್ರತ್ಯಯ ಕನ್ನಡದಲ್ಲಿ ಇಲ್ಲವೇ ಇಲ್ಲ. ಬಿಡಿಸಿದ ಎರಡು ತುಂಡುಗಳೂ ಭಾಷೆಯಲ್ಲಿ ಬೇರೆ ಕಡೆಯೂ ಬಳಕೆಯಲ್ಲಿವೆಯೇ ಎಂದು ನೋಡಿ. ಆಗ ‘ಮನೆ + ಅನ್ನು’ ಸಿಗುತ್ತದೆ, ‘ಯ’ ನಡುವೆ ಬಂದದ್ದೆಂದು ಗೊತ್ತಾಗುತ್ತದೆ. ಇನ್ನೊಂದು ಎಡವಟ್ಟು ‘ದೇವಾಲಯ’. ದೇವ + ಆಲಯ; ಒಂದು ಅಕಾರ ಕಾಣದು, ಹಾಗಾಗಿ ಲೋಪ ಎಂದು ಬರೆಯುತ್ತಾರೆ. ಎರಡೂ ಸಂಸ್ಕೃತ ಪದಗಳು. ಅ, ಆ ಕೂಡಿ ಒಂದೇ ದೀರ್ಘವಾಗಿದೆ. ಅದು ಸವರ್ಣದೀರ್ಘ ಸಂಧಿ.

ಉಳಿದದ್ದು ಆದೇಶಸಂಧಿ. ಇಲ್ಲಿ ಎರಡನೆಯ ಪದದ ಮೊದಲಕ್ಷರ ಬದಲಾಗುತ್ತದೆ. ಸಾಮಾನ್ಯವಾಗಿ ಕ, ತ, ಪಗಳಿಗೆ ಗ, ದ, ಬ ಬರುತ್ತವೆ. ಮಳೆ + ಕಾಲ ಮಳೆಗಾಲ, ಬೆಟ್ಟ + ತಾವರೆ ಬೆಟ್ಟದಾವರೆ, ಕಣ್ + ಪನಿ ಕಂಬನಿ. ಇದು ಎಲ್ಲೆಡೆ ನಡೆಯುವುದಿಲ್ಲ: ಹೊಟ್ಟೆ + ಕಿಚ್ಚು ‘ಹೊಟ್ಟೆಕಿಚ್ಚು’ ಆಗಿಯೇ ಉಳಿಯುತ್ತದೆ.

ಈಗ ಪೆನ್ಸಿಲ್ ಹಿಡಿಯಿರಿ. ಮುಂದಿನ ಸಾಲನ್ನು ಕೈಯಿಂದ ಮುಚ್ಚಿಕೊಂಡು ಇವನ್ನು ಕೂಡಿಸಿ, ಸಂಧಿ ಹೆಸರಿಸಿ: ಹಾಲು + ಅನ್ನು, ಪಶು + ಅನ್ನು, ಚಳಿ + ಕಾಲ. ಇವನ್ನು ಬಿಡಿಸಿ: ಶಾಲೆಯಿಂದ, ನಾವೆಲ್ಲ, ಹಳೆಗನ್ನಡ, ವಿದ್ಯಾಲಯ.

ಉತ್ತರ: ಹಾಲನ್ನು ಲೋಪ, ಪಶುವನ್ನು ಆಗಮ, ಚಳಿಗಾಲ ಆದೇಶ. ಶಾಲೆ + ಇಂದ ಆಗಮ, ನಾವು + ಎಲ್ಲ ಲೋಪ, ಹಳೆ + ಕನ್ನಡ ಆದೇಶ, ವಿದ್ಯಾ + ಆಲಯ ಸವರ್ಣದೀರ್ಘ.

ಎಲ್ಲವೂ ಸರಿಯಾಗಿದ್ದರೆ ಇನ್ನೊಂದು: ಅದು + ಅನ್ನು. ‘ಮಗು’ವಿನಂತೆ ಎರಡು ಹ್ರಸ್ವಾಕ್ಷರದ ಪದವೇ ಆದರೂ ಉತ್ತರ ‘ಅದನ್ನು’, ಲೋಪಸಂಧಿ. ಇದು, ಅದು ಎಂಬ ಸರ್ವನಾಮಗಳು ಉಕಾರವನ್ನು ಬಿಟ್ಟುಕೊಡುತ್ತವೆ.