ಕೆಂಪು ಗೆರೆ ಮೂಡದ ತಪ್ಪುಗಳು

ಊರಿನ ಒಂದು ಗ್ರಂಥಾಲಯ ಸಂಘದ ವಾರ್ಷಿಕೋತ್ಸವ ಎಂದುಕೊಳ್ಳಿ. ಆಹ್ವಾನ ಪತ್ರಿಕೆ ಎರಡು ಭಾಷೆಯಲ್ಲಿದೆ. ಕಂಪ್ಯೂಟರಿನ ಸ್ಪೆಲ್‌ಚೆಕ್ ಮುಗಿದು, ಕೆಂಪು ಗೆರೆಗಳೆಲ್ಲ ಮಾಯವಾಗಿ, ಪತ್ರಿಕೆ ಪ್ರೆಸ್ಸಿಗೆ ಹೋಗಲು ಸಿದ್ಧವಾಗಿದೆ.

```
ವಾರ್ಷಿಕೋತ್ಸವ ಮತ್ತು ಪ್ರಶಸ್ತಿ ಪ್ರಧಾನ ಸಮಾರಂಭ
2026 ನವೆಂಬರ್ 8, ಶನಿವಾರ, ಸಂಜೆ 5.30ಕ್ಕೆ
ಸ್ಥಳ: ಸಮುದಾಯ ಭವನ, ಬಸ್ ನಿಲ್ದಾಣದ ಬಲಿ

Programme starts form 6.30 p.m.
Dinner will be severed after the function.
This card is now transferable.
```

ಆರೇ ಸಾಲು. ತಪ್ಪು ಏಳು. ಮುಂದೆ ಓದುವ ಮೊದಲು ನೀವೇ ಒಮ್ಮೆ ಹುಡುಕಿ ನೋಡಿ.

ಸ್ಪೆಲ್‌ಚೆಕ್ ಮಾಡುವ ಮೂಲ ಕೆಲಸ ಒಂದೇ: ಬರೆದ ಪದ ತನ್ನ ಪಟ್ಟಿಯಲ್ಲಿ ಇದೆಯೇ ಎಂದು ನೋಡುವುದು. ‘ಪ್ರಧಾನ’, ‘ಬಲಿ’ ಎರಡೂ ಒಳ್ಳೆಯ ಕನ್ನಡ ಪದಗಳೇ. ಇಂಗ್ಲಿಷಿನ ‘ಫಾರ್ಮ್’, ‘ಸೆವರ್ಡ್’, ‘ನೌ’ ಕೂಡ ನಿಘಂಟಿನಲ್ಲಿವೆ. ವ್ಯಾಕರಣವನ್ನೂ ನೋಡುವ ತಂತ್ರಾಂಶವಾದರೆ ‘ಫಾರ್ಮ್’ ಇರುವ ಕಡೆ ‘ಫ್ರಮ್’ ಬೇಕೆಂದು ಹೇಳಬಹುದು. ಊಟ ಬಡಿಸುವ ಬದಲು ಕತ್ತರಿಸಿ ಹಾಕುತ್ತೇವೆ ಎಂದದ್ದು ಅದಕ್ಕೆ ತಿಳಿಯುತ್ತದೆಂಬ ಖಾತ್ರಿಯಿಲ್ಲ. ಕನ್ನಡದ ಪಾಡು ಇನ್ನೂ ಕಷ್ಟದ್ದು. ‘ಮನೆ’ ಎಂಬ ಒಂದು ಪದ ಮನೆಯವರಿಗಾದರೂ, ಮನೆಯಲ್ಲಿರುವಾಗಲೇ, ಮನೆಗಳಿಂದಲೂ ಎಂದು ಬೆಳೆಯುತ್ತಲೇ ಹೋಗುವುದರಿಂದ ಯಾವ ಪಟ್ಟಿಗೂ ಅದು ಪೂರ್ತಿ ಸಿಗುವುದಿಲ್ಲ. ಸರಿಯಾದ ಪದಗಳಿಗೂ ಕೆಂಪು ಗೆರೆ ಬೀಳುತ್ತದೆ. ಬೇಸತ್ತವರು ಆ ಸೌಲಭ್ಯವನ್ನೇ ಆರಿಸಿಬಿಡುತ್ತಾರೆ.

ಹಾಗಾಗಿ ಕೊನೆಯ ಕರಡು ತಿದ್ದುವುದನ್ನು ಒಂದೇ ಓದಿನಲ್ಲಿ ಮುಗಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದೊಂದು ಓದಿನಲ್ಲಿ ಒಂದೊಂದನ್ನೇ ನೋಡಬೇಕು. ಅರ್ಥ, ಅಕ್ಷರ, ಅಂಕಿ ಮೂರನ್ನೂ ಒಟ್ಟಿಗೆ ನೋಡಲು ಹೊರಟರೆ ಮನಸ್ಸು ಅರ್ಥದ ಹಿಂದೆ ಓಡುತ್ತದೆ, ಉಳಿದೆರಡು ಕೈಬಿಟ್ಟುಹೋಗುತ್ತವೆ.

ಮೊದಲ ಓದು ಅಂಕಿ ಮತ್ತು ಹೆಸರುಗಳದ್ದು. ವಾಕ್ಯ ಓದಲೇಬೇಡಿ. ತಾರೀಖು ಕಂಡಲ್ಲಿ ಕ್ಯಾಲೆಂಡರ್ ತೆರೆಯಿರಿ: 2026ರ ನವೆಂಬರ್ 8 ಭಾನುವಾರ. ಶನಿವಾರ ಎಲ್ಲಿಂದ ಬಂತು? 2025ರ ನವೆಂಬರ್ 8 ಶನಿವಾರವಾಗಿತ್ತು. ಹೋದ ವರ್ಷದ ಫೈಲನ್ನೇ ತೆರೆದು ಇಸವಿ ಮಾತ್ರ ಬದಲಿಸಿದಾಗ ಆಗುವುದು ಹೀಗೆಯೇ. ಹಳೆಯ ಫೈಲಿನಿಂದ ಹುಟ್ಟಿದ ಪತ್ರಿಕೆಯಲ್ಲಿ ವಾರ, ಅತಿಥಿಯ ಹುದ್ದೆ, ಎಷ್ಟನೆಯ ವರ್ಷ ಎಂಬ ಮೂರನ್ನು ನಂಬಲೇಬಾರದು. ಫೋನ್ ನಂಬರ್ ಇದ್ದರೆ ಮುದ್ರಣಕ್ಕೆ ಹೋಗುವ ಪ್ರತಿಯನ್ನು ನೋಡಿಕೊಂಡೇ ಡಯಲ್ ಮಾಡಿ. ಎರಡು ಭಾಷೆ ಇರುವುದು ಇಲ್ಲಿ ಒಂದು ಅನುಕೂಲ: ಕನ್ನಡದ ಪ್ರತಿಯೊಂದು ಅಂಕಿಯ ಮೇಲೆ ಎಡಗೈ ಬೆರಳು, ಇಂಗ್ಲಿಷಿನ ಅಂಕಿಯ ಮೇಲೆ ಬಲಗೈ ಬೆರಳು ಇಟ್ಟರೆ 5.30 ಮತ್ತು 6.30ರ ಜಗಳ ತಾನಾಗಿಯೇ ಕಾಣುತ್ತದೆ. ಯಾವುದು ಸರಿ ಎಂದು ನೀವು ಊಹಿಸಬೇಡಿ. ಕಾರ್ಯದರ್ಶಿಯನ್ನು ಕೇಳಿ.

ಎರಡನೆಯ ಓದು ಇಂಗ್ಲಿಷಿನದು, ಕಾಗದದ ಮೇಲೆ, ಗಟ್ಟಿಯಾಗಿ. ಹಳೆಯ ಮುದ್ರಣಾಲಯಗಳಲ್ಲಿ ಒಬ್ಬರು ಮೂಲಪ್ರತಿಯನ್ನು ‘ಕಾಮಾ’, ‘ಪೂರ್ಣವಿರಾಮ’ ಸಮೇತ ಓದಿದರೆ ಇನ್ನೊಬ್ಬರು ಕರಡಿನ ಮೇಲೆ ಕಣ್ಣಿಟ್ಟಿರುತ್ತಿದ್ದರು. ಇಬ್ಬರು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಒಬ್ಬರೇ ಇದ್ದರೆ ಸಾಲಿನ ಕೆಳಗೆ ಸ್ಕೇಲ್ ಇಟ್ಟು, ಬರೆದದ್ದನ್ನಷ್ಟೇ ಉಚ್ಚರಿಸುತ್ತಾ ಹೋದರೆ ‘ಫಾರ್ಮ್’, ‘ಸೆವರ್ಡ್’ ಎರಡೂ ನಾಲಿಗೆಗೆ ತಡೆಯುತ್ತವೆ. ಕೊನೆಯಿಂದ ಹಿಂದಕ್ಕೆ ಓದಿ ಎಂಬ ಸಲಹೆ ತುಂಬ ಪ್ರಚಾರದಲ್ಲಿದೆ. ಹಾಗೆ ಓದಿದರೆ ಸಿಗುವುದು ಕಾಗುಣಿತದ ತಪ್ಪು, ಅದನ್ನು ಸ್ಪೆಲ್‌ಚೆಕ್ ಆಗಲೇ ಹಿಡಿದಿರುತ್ತದೆ. ವಾಕ್ಯವೇ ಒಡೆದುಹೋದ ಮೇಲೆ ‘ಫಾರ್ಮ್’ ತಪ್ಪೆಂದು ತಿಳಿಯುವುದು ಹೇಗೆ?

‘ನೌ’ ಮಾತ್ರ ನಾಲಿಗೆಯನ್ನೂ ದಾಟಿಹೋಗುತ್ತದೆ, ಏಕೆಂದರೆ ವಾಕ್ಯ ಸರಾಗವಾಗಿಯೇ ಇದೆ. ‘ನಾಟ್’ ಇರಬೇಕಾದಲ್ಲಿ ‘ನೌ’ ಬಂದು, ಬೇರೆಯವರಿಗೆ ಕೊಡಬಾರದ ಕಾರ್ಡನ್ನು ಈಗ ಯಾರಿಗೆ ಬೇಕಾದರೂ ಕೊಡಬಹುದು ಎಂದಾಗಿದೆ. 1631ರಲ್ಲಿ ಲಂಡನ್ನಿನ ರಾಜಮುದ್ರಕರಾದ ರಾಬರ್ಟ್ ಬಾರ್ಕರ್ ಮತ್ತು ಮಾರ್ಟಿನ್ ಲೂಕಸ್ ಅಚ್ಚು ಹಾಕಿದ ಬೈಬಲ್‌ನಲ್ಲಿ ಇದೇ ‘ನಾಟ್’ ಬಿಟ್ಟುಹೋಗಿ, ವ್ಯಭಿಚಾರ ಮಾಡಬಾರದು ಎಂಬ ಕಟ್ಟಳೆ ಮಾಡಬೇಕು ಎಂದಾಯಿತು. ಅವರಿಗೆ 300 ಪೌಂಡ್ ದಂಡ ಬಿತ್ತು. ಕನ್ನಡದಲ್ಲಿ ನಿಷೇಧ ಕ್ರಿಯಾಪದದ ಬಾಲದಲ್ಲಿರುತ್ತದೆ. ‘ಮಕ್ಕಳನ್ನು ಕರೆತರಬಹುದು’, ‘ಕರೆತರಬಾರದು’ ಇವೆರಡರ ನಡುವೆ ಇರುವುದು ಎರಡೇ ಅಕ್ಷರ. ಆದ್ದರಿಂದ ಅನುಮತಿ, ನಿಷೇಧ ಹೇಳುವ ಪ್ರತಿ ವಾಕ್ಯವನ್ನೂ ಹೊರತೆಗೆದು, ‘ಇದನ್ನು ಓದಿದವರು ಏನು ಮಾಡುತ್ತಾರೆ?’ ಎಂದು ಕೇಳಿಕೊಳ್ಳಬೇಕು.

ಕನ್ನಡಕ್ಕೆ ಗಟ್ಟಿ ಓದು ಸಾಲದು. ಮಹಾಪ್ರಾಣವನ್ನು ನಮ್ಮಲ್ಲಿ ಬಹಳ ಮಂದಿ ಮಾತಿನಲ್ಲಿ ಒತ್ತಿ ಹೇಳುವುದಿಲ್ಲ. ‘ಪ್ರಧಾನ’ ಎಂದರೆ ಮುಖ್ಯ, ‘ಪ್ರದಾನ’ ಎಂದರೆ ಕೊಡುವುದು. ಕಿವಿಗೆ ಎರಡೂ ಒಂದೇ. ಧನಸಹಾಯ ದನಸಹಾಯವಾದರೂ ಕೇಳುವವರಿಗೆ ಗೊತ್ತಾಗದು. ಇಲ್ಲಿ ಕೆಲಸ ಕಣ್ಣಿನದು. ಪರದೆಯ ಮೇಲೆ ಪುಟವನ್ನು ದುಪ್ಪಟ್ಟು ದೊಡ್ಡದು ಮಾಡಿಕೊಂಡು ದ-ಧ, ಬ-ಭ, ಡ-ಢ ಇರುವ ಪದಗಳನ್ನಷ್ಟೇ ನೋಡುತ್ತಾ ಹೋಗಿ. ಅಕ್ಷರದ ಅಡಿಯ ಆ ಸಣ್ಣ ಸೀಳು ಚಿಕ್ಕ ಅಚ್ಚಿನಲ್ಲಿ ಕಾಣುವುದೇ ಇಲ್ಲ. ಅದೇ ಸುತ್ತಿನಲ್ಲಿ ದೀರ್ಘಗಳನ್ನೂ ನೋಡಬಹುದು: ಒಂದು ದೀರ್ಘ ಹೆಚ್ಚಾದರೆ ‘ಬೆಳೆ ವಿಮೆ’ ‘ಬೇಳೆ ವಿಮೆ’ ಆಗುತ್ತದೆ, ‘ನಿಧಾನ’ದ ದೀರ್ಘ ಹಾರಿದರೆ ‘ನಿಧನ’ವೇ ಆಗಿಬಿಡುತ್ತದೆ. ಲ-ಳ ಮಾತ್ರ ಗಟ್ಟಿ ಓದಿಗೆ ಸಿಕ್ಕುವ ಜೋಡಿ. ನಿಲ್ದಾಣದ ‘ಬಲಿ’ ಅಲ್ಲಿಯೇ ಸಿಕ್ಕಿಬೀಳುತ್ತದೆ.

ಉದ್ದನೆಯ ಬರಹವಾದರೆ ಇನ್ನೊಂದು ಸುತ್ತು ಬೇಕು. ಕನ್ನಡ ವಾಕ್ಯದ ಕ್ರಿಯಾಪದ ಸಾಮಾನ್ಯವಾಗಿ ಕೊನೆಯಲ್ಲಿ ಕೂರುತ್ತದೆ. ‘ಪದಾಧಿಕಾರಿಗಳು’ ಎಂದಿದ್ದದ್ದನ್ನು ‘ಸಮಿತಿಯು’ ಎಂದು ತಿದ್ದಿದವರು ಎರಡು ಸಾಲಿನಾಚೆ ಇರುವ ‘ನಿರ್ಧರಿಸಿದರು’ ಅನ್ನು ಮರೆಯುತ್ತಾರೆ. ಪೂರ್ಣವಿರಾಮದಿಂದ ಶುರುಮಾಡಿ, ಕ್ರಿಯಾಪದ ಹಿಡಿದು ಕರ್ತೃವಿನ ಕಡೆಗೆ ಹಿಂದಕ್ಕೆ ಹೋದರೆ ಇದು ತಕ್ಷಣ ಸಿಗುತ್ತದೆ.

ಇಷ್ಟೆಲ್ಲ ಆದ ಮೇಲೆ ಬರಹ ವಿನ್ಯಾಸದವರ ಕೈಗೆ ಹೋಗುತ್ತದೆ, ಅಲ್ಲಿ ಹೊಸ ತಪ್ಪು ಹುಟ್ಟುತ್ತವೆ. ನುಡಿ, ಬರಹದ ಹಳೆಯ ಅಕ್ಷರಗಳನ್ನು ಯೂನಿಕೋಡಿಗೆ ಪರಿವರ್ತಿಸುವಾಗ ಒತ್ತಕ್ಷರ, ಅರ್ಕಾವತ್ತುಗಳು ಜಾಗ ಬದಲಿಸಬಹುದು. ‘ಸಾಫ್ಟ್‌ವೇರ್’ ಎಂಬಲ್ಲಿ ಕಣ್ಣಿಗೆ ಕಾಣದ ಒಂದು ಸಂಕೇತ ಕಳೆದರೆ ವಕಾರ ಕೆಳಗಿಳಿದು ‘ಸಾಫ್ಟ್ವೇರ್’ ಆಗುತ್ತದೆ. ಇನ್ನು ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆಯನ್ನೇ ಒತ್ತುವವರಿದ್ದಾರೆ:

```
ಸಂಘ
ಸ೦ಘ
```

ಎರಡನೆಯದು ಸೊನ್ನೆಯದು. ಎಷ್ಟೋ ಅಚ್ಚುಗಳಲ್ಲಿ ವ್ಯತ್ಯಾಸ ಕಾಣುವುದಿಲ್ಲ, ಆದರೆ ಕಂಪ್ಯೂಟರಿನಲ್ಲಿ ‘ಸಂಘ’ ಎಂದು ಹುಡುಕಿದರೆ ಅದು ಸಿಗುವುದಿಲ್ಲ. ಫೈಂಡ್ ಡಬ್ಬಿಯಲ್ಲಿ `೦` ಎಂದು ಹಾಕಿ ಹುಡುಕಿದರೆ, ಅಂಕಿಗಳ ನಡುವೆ ಇಲ್ಲದ ಸೊನ್ನೆಗಳೆಲ್ಲ ಹೊರಬೀಳುತ್ತವೆ.

ಆದ್ದರಿಂದ ಕೊನೆಯ ಓದು ಪ್ರೆಸ್ಸಿಗೆ ಹೋಗುವ ಪಿಡಿಎಫ್‌ನದೇ ಆಗಿರಬೇಕು. ತಿದ್ದಿದ ಸಾಲಿನ ಜೊತೆಗೆ ಅದರ ಮೇಲಿನ, ಕೆಳಗಿನ ಸಾಲನ್ನೂ ಓದಬೇಕು, ಏಕೆಂದರೆ ‘ಬಲಿ’ಯನ್ನು ತಿದ್ದುವಾಗ ಪಕ್ಕದ ‘ಸ್ಥಳ’ ಅಳಿಸಿಹೋಗಿರಬಹುದು. ಆ ಹೊತ್ತಿಗೆ ಅಲ್ಪವಿರಾಮವೊಂದು ಜಾಗ ತಪ್ಪಿದೆ ಎಂದು ಕಂಡರೆ ನಾನಾದರೆ ಬಿಟ್ಟುಬಿಡುತ್ತೇನೆ. ಹೆಸರು, ತಾರೀಖು, ಸ್ಥಳ, ‘ಬಾರದು’ಗಳಲ್ಲಿ ಒಂದು ತಪ್ಪಿದ್ದರೂ ಯಂತ್ರ ನಿಲ್ಲಿಸಿ ಎಂದು ಫೋನ್ ಮಾಡುತ್ತೇನೆ.