ಬೇಲೂರು ಬಿ, ದಾವಣಗೆರೆ ಡಿ

ಹಾಸನದ ಬಸ್ ನಿಲ್ದಾಣದ ಗಲಾಟೆಯಲ್ಲಿ ನಿಂತು ಫೋನಿನಲ್ಲಿ ಕೊರಿಯರ್ ಹುಡುಗನಿಗೆ ‘ಡಿ ಬ್ಲಾಕ್’ ಅಂದರೆ ಅವನ ಕಿವಿಗೆ ‘ಬಿ ಬ್ಲಾಕ್’ ಬೀಳುವುದು ಮಾಮೂಲು. ಎರಡರಲ್ಲೂ ದೊಡ್ಡ ಪಾಲು ‘ಈ’ ಎಂಬ ಸ್ವರದ್ದು. ಅದಕ್ಕೆ ಮುಂಚೆ ತುಟಿ ಅಥವಾ ನಾಲಗೆ ಬಿಟ್ಟುಕೊಡುವಾಗ ಆಗುವ ಕ್ಷಣಮಾತ್ರದ ಸದ್ದಿನಲ್ಲೇ ಇವುಗಳ ವ್ಯತ್ಯಾಸವೆಲ್ಲ ಅಡಗಿದೆ. ಹಳೆಯ ಮಾದರಿಯ ಫೋನ್ ಲೈನು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ದನಿಯನ್ನಷ್ಟೇ ದಾಟಿಸುತ್ತದೆ. ಮೇಲಿನದು ಲೈನಿನಲ್ಲೇ ಹೋಯಿತು, ಉಳಿದದ್ದರ ಮೇಲೆ ಬಸ್ಸಿನ ಹಾರ್ನು.

ಜಾರ್ಜ್ ಮಿಲ್ಲರ್ ಮತ್ತು ಪೆಟ್ರೀಷಿಯಾ ನೈಸ್ಲಿ 1955ರಲ್ಲಿ ಇಂಗ್ಲಿಷ್ ವ್ಯಂಜನಗಳನ್ನು ಗದ್ದಲದೊಳಗೆ ಕೇಳಿಸಿ ಪರೀಕ್ಷಿಸಿದರು. ಮೂಗಿನ ದನಿ ಹೌದೋ ಅಲ್ಲವೋ ಎಂಬುದು ಸಾಕಷ್ಟು ಗದ್ದಲದಲ್ಲೂ ತಿಳಿಯುತ್ತಿತ್ತು. ಆದರೆ ದನಿ ಹುಟ್ಟಿದ್ದು ತುಟಿಯಲ್ಲೋ ಹಲ್ಲಿನ ಬಳಿಯೋ ಎಂಬ ಗುರುತು ಬೇಗ ಅಳಿಸಿಹೋಗುತ್ತಿತ್ತು. ಬಿ–ಡಿ, ಎಂ–ಎನ್ ಜೋಡಿಗಳು ಎಡವುವುದು ಇಲ್ಲೇ.

‘ಡಿ ಫಾರ್ ದಾವಣಗೆರೆ, ಬಿ ಫಾರ್ ಬೇಲೂರು’ ಎಂದಾಗ ಮೊದಲ ಸದ್ದು ಕಳೆದರೂ ಚಿಂತೆಯಿಲ್ಲ, ‘...ವಣಗೆರೆ’ ಅಷ್ಟೇ ಕೇಳಿಸಿದರೂ ಊರು ಯಾವುದೆಂದು ಗೊತ್ತಾಗುತ್ತದೆ. ವಿಮಾನಯಾನದವರು 1956ರಿಂದ ಬಳಸುವ ಆಲ್ಫಾ, ಬ್ರಾವೊ, ಡೆಲ್ಟಾ ಪಟ್ಟಿಯೂ ಇದೇ ಲೆಕ್ಕದ್ದು. ಬಾಲ ಒಂದೇ ಥರ ಇರುವ ಊರುಗಳನ್ನು ಆರಿಸಿದರೆ ಮಾತ್ರ ಕೆಲಸ ಕೆಟ್ಟಿತು: ‘ಎಂ ಫಾರ್ ಮಾಗಡಿ, ಎನ್ ಫಾರ್ ನವಲಗುಂದ’ ನಡೆಯುತ್ತದೆ, ‘ಎಂ ಫಾರ್ ಮಾಲೂರು, ಬಿ ಫಾರ್ ಬೇಲೂರು’ ಅಷ್ಟು ಭದ್ರವಲ್ಲ.

ಗುರುತಿನ ಜಾಗ ಇನ್ನೊಂದು ಬಗೆಯಲ್ಲಿ ನೆರವಾಗುತ್ತದೆ. ಕೇಳುಗನ ಮನಸ್ಸಿನಲ್ಲಿ ಇರಬಹುದಾದ ಉತ್ತರಗಳು ಕಡಿಮೆಯಾದಷ್ಟೂ ಅರೆಬರೆ ದನಿಯಿಂದಲೇ ಪದ ಹೊಳೆಯುತ್ತದೆ. ಹೊಳೆನರಸೀಪುರದಲ್ಲಿ ‘ಲಕ್ಷ್ಮೀನರಸಿಂಹ ದೇವಸ್ಥಾನದ ಹತ್ತಿರ’ ಅಂದರೆ ಊರು ಬಲ್ಲವನಿಗೆ ಅರ್ಧ ಮಾತೇ ಸಾಕು. ‘ಆಂಜನೇಯನ ಗುಡಿ ಹಿಂದೆ’ ಅಂದರೆ ಯಾವ ಆಂಜನೇಯ? ಊರಿಗೆ ಹೊಸಬನಾದರಂತೂ ಎರಡೂ ಒಂದೇ.

ಊರಿನ ಹೆಸರೇ ಕೈಕೊಡುವುದೂ ಉಂಟು. ಮಾತಿನಲ್ಲಿ ಹಕಾರ ಬಿಡುವವರು ಇಲ್ಲಿ ಕಡಿಮೆಯಿಲ್ಲ. ಮುಂದಿನ ‘ಹೊಳೆ’ ಲೈನಿನಲ್ಲಿ ಮುಳುಗಿದರೆ ಉಳಿಯುವ ‘ನರಸೀಪುರ’ ಮೈಸೂರು ಜಿಲ್ಲೆಯ ಟಿ. ನರಸೀಪುರವೂ ಆಗಬಹುದು. ಚನ್ನರಾಯಪಟ್ಟಣದ ನಡುವಿನ ‘ರಾಯ’ ನುಂಗಿಹೋದರೆ ಚನ್ನಪಟ್ಟಣ. ಚನ್ನರಾಯಪಟ್ಟಣ ಎಂದು ಪೂರ್ತಿ ಕೇಳಿದರೂ ದೇವನಹಳ್ಳಿ ತಾಲ್ಲೂಕಿನಲ್ಲಿ ಅದೇ ಹೆಸರಿನ ಹೋಬಳಿಯಿದೆ. ‘ಶ್ರವಣಬೆಳಗೊಳ ಇರೋ ತಾಲ್ಲೂಕು’ ಎಂಬ ಒಂದು ಮಾತು ಇಲ್ಲಿ ಗೊಂದಲ ಬಿಡಿಸುತ್ತದೆ.

ಪಿನ್ ಕೋಡ್ ಇದೆಯಲ್ಲ ಅಂದರೆ, ಹಾಸನದ್ದು 573201, ಹೊಳೆನರಸೀಪುರದ್ದು 573211. ನಡುವೆ ಇರುವುದು ಒಂದೇ ಅಂಕಿಯ ಅಂತರ. ಹಾಸನದ ಕೊನೆಯ ಮೂರು ಅಂಕಿಗಳನ್ನು ತಿರುಗಿಸಿ ಬರೆದರೆ ಅರಕಲಗೂಡಿನ 573102. ತಪ್ಪು ಬರೆದ ಸಂಖ್ಯೆಯೂ ನಿಜವಾದ ಊರಿನದೇ ಆದ್ದರಿಂದ ಸಂಖ್ಯೆ ನೋಡಿ ತಪ್ಪು ಹಿಡಿಯಲಾಗದು. ಅದಕ್ಕೇ ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳಿ, ಜೊತೆಗೆ ಊರನ್ನೂ ಹೇಳುವುದು. ಎರಡೂ ಹೊಂದದಿದ್ದರೆ ಎಲ್ಲೋ ಕೆಟ್ಟಿದೆ ಎಂದರ್ಥ.

ಕೊನೆಗೆ ವಿಳಾಸ ತಿರುಗಿ ಹೇಳಬೇಕಾದವನು ಬರೆದುಕೊಂಡವನು. ‘ಡಿ ಬ್ಲಾಕ್ ತಾನೆ?’ ಎಂದು ಹೇಳಿದವರೇ ಕೇಳಿದರೆ, ‘ಬಿ’ ಎಂದು ಬರೆದುಕೊಂಡವನಿಗೂ ಅದು ‘ಬಿ’ ಎಂದೇ ಕೇಳಿಸಿ ‘ಹೂಂ ಸಾರ್’ ಅನ್ನುತ್ತಾನೆ. ‘ಯಾವ ಬ್ಲಾಕ್ ಬರ್ಕೊಂಡ್ರಿ?’ ಎಂದಾಗ ‘ಬೇಲೂರು ಬಿ’ ಎಂಬ ಉತ್ತರ ಬಂದರೆ ಅಲ್ಲೇ ತಿದ್ದಬಹುದು.