ಆನ್‌ಲೈನ್ ಪೇಟೆಯಲ್ಲಿ ಹಣ ಕೊಟ್ಟು ಪಡೆಯುವ ಸ್ಥಾನ: ಕಾಳುಮೆಣಸಿನ ಮಾರಾಟದ ಒಂದು ಲೆಕ್ಕ

ಕೊಡಗು, ಹಾಸನ, ಚಿಕ್ಕಮಗಳೂರು ಮೊದಲಾದ ಜಿಲ್ಲೆಗಳಲ್ಲಿ ಕಾಳುಮೆಣಸನ್ನು ಬೆಳೆಯುವ ಜಮೀನ್ದಾರರ ಪೈಕಿ ಕೆಲವರು ತಮ್ಮ ಫಸಲನ್ನೆಲ್ಲ ಮಂಡಿಗೆ ಕೊಡದೆ, ಒಂದು ಭಾಗವನ್ನು ಶುದ್ಧಮಾಡಿ ಪೊಟ್ಟಣ ಕಟ್ಟಿ, ಅಮೆಜಾನ್ ಮುಂತಾದ ಆನ್‌ಲೈನ್ ಪೇಟೆಗಳಲ್ಲಿ ತಾವೇ ಮಾರುತ್ತಿರುವರು. ಸರಕು ಉತ್ತಮವಾಗಿದ್ದರೂ ಅದು ಪಟ್ಟಿಯ ಐದನೆಯ ಪುಟದಲ್ಲಿ ಬಿದ್ದಿದ್ದರೆ ಕೊಳ್ಳುವವರ ಕಣ್ಣಿಗೆ ಬೀಳುವುದಿಲ್ಲ. ಆದಕಾರಣ ಹಣ ಕೊಟ್ಟು ಮೇಲಿನ ಸ್ಥಾನವನ್ನು ಪಡೆಯುವ ಜಾಹೀರಾತಿನ ಕಡೆಗೆ ಇಂಥವರ ಗಮನ ಹೋಗುವುದು ಸಹಜವೇ. ಈ ಜಾಹೀರಾತಿನಲ್ಲಿ ಲೆಕ್ಕವಿಲ್ಲದೆ ಕೈಯಿಟ್ಟರೆ ಮೆಣಸಿನಿಂದ ಬರಬೇಕಾದ ಲಾಭವು ಪೂರಾ ಕರಗಿಹೋಗುವುದುಂಟು. ಅದು ನಡೆಯುವ ಕ್ರಮವನ್ನೂ, ಎಷ್ಟರವರೆಗೆ ಹಣ ಹಾಕಬಹುದೆಂಬುದನ್ನೂ ಈ ಕೆಳಗೆ ವಿವರಿಸಿದೆ.

ಜಾಹೀರಾತಿನ ಸ್ವರೂಪ

ಕೊಳ್ಳುವವನು ಫೋನಿನಲ್ಲಿ black pepper whole ಎಂದು ಬರೆದು ಹುಡುಕಿದೊಡನೆ ಮೆಣಸಿನ ಪೊಟ್ಟಣಗಳ ಪಟ್ಟಿಯೊಂದು ತೆರೆಯುವುದು. ಅದರಲ್ಲಿ ಕೆಲವು ಪೊಟ್ಟಣಗಳ ಬಳಿ Sponsored ಎಂಬ ಸಣ್ಣ ಅಕ್ಷರಗಳಿರುವುವು. ಅವು ಹಣ ಕೊಟ್ಟು ಪಡೆದ ಸ್ಥಾನಗಳು. ಉಳಿದವು ಪೇಟೆಯು ತಾನಾಗಿ ಕೊಟ್ಟ ಸಹಜ ಸ್ಥಾನಗಳು. ಅಮೆಜಾನಿನಲ್ಲಿ ಈ ಜಾಹೀರಾತಿಗೆ Sponsored Products ಎಂದು ಹೆಸರು. ಇದರಲ್ಲಿ ಚಿತ್ರವನ್ನು ತೋರಿಸಿದ ಮಾತ್ರಕ್ಕೆ ಹಣ ತೆರಬೇಕಾಗಿಲ್ಲ. ನೋಡಿದವನು ಅದನ್ನು ಒತ್ತಿ ಒಳಗೆ ಬಂದರೆ, ಅಂದರೆ ಕ್ಲಿಕ್ ಮಾಡಿದರೆ, ಆಗ ತೆರಬೇಕು. ಅವನು ಕೊಂಡರೂ ಅಷ್ಟೇ, ಕೊಳ್ಳದೆ ಹೋದರೂ ಅಷ್ಟೇ.

ಈ ಸ್ಥಾನಗಳು ಪ್ರತಿಯೊಂದು ಹುಡುಕಾಟಕ್ಕೂ ಕ್ಷಣಮಾತ್ರದಲ್ಲಿ ಹರಾಜಾಗುತ್ತವೆ. ಮಾರುವವನು ಪ್ರತಿ ಕ್ಲಿಕ್ಕಿಗೆ ಕೊಡಲೊಪ್ಪುವ ಗರಿಷ್ಠ ಮೊತ್ತವೇ ಅವನ ಸವಾಲು. ಇದನ್ನು ಬಿಡ್ ಎನ್ನುವರು. ಆದರೆ ಗ್ರಾಮದ ಹುಣಿಸೆಮರದ ಹರಾಜಿನಂತೆ ಹೆಚ್ಚು ಕೂಗಿದವನಿಗೇ ಇಲ್ಲಿ ಸ್ಥಾನ ದೊರೆಯುವುದೆಂದು ಹೇಳಲಾಗುವುದಿಲ್ಲ. ಹುಡುಕಿದ ಪದಕ್ಕೂ ಸರಕಿಗೂ ಹೊಂದಿಕೆಯುಂಟೆ, ಜನರು ಅದನ್ನು ಒತ್ತುವ ಸಂಭವವೆಷ್ಟು ಎಂಬುದನ್ನೂ ಪೇಟೆಯು ನೋಡುತ್ತದೆ.

ಸವಾಲಿನ ಗಡಿಯನ್ನು ಕಟ್ಟುವ ಬಗೆ

ಪೇಟೆಯವರು ಇಷ್ಟು ಸವಾಲು ಹಾಕಬಹುದೆಂದು ಒಂದು ಅಂಕಿಯನ್ನು ಸೂಚಿಸುವರು. ಅದು ಇತರರು ಹಾಕುತ್ತಿರುವ ಮೊತ್ತವನ್ನು ಅನುಸರಿಸಿದ್ದೇ ಹೊರತು ನಮ್ಮ ಲಾಭವನ್ನು ಅನುಸರಿಸಿದ್ದಲ್ಲ. ನಮ್ಮ ಗಡಿಯನ್ನು ನಾವೇ ಕಟ್ಟತಕ್ಕದ್ದು.

ಉದಾಹರಣೆಗಾಗಿ 250 ಗ್ರಾಂ ಮೆಣಸಿನ ಪೊಟ್ಟಣದ ಬೆಲೆ 320 ರೂಪಾಯಿ ಎಂದಿಟ್ಟುಕೊಳ್ಳೋಣ. ಅಷ್ಟೇ ಮೆಣಸನ್ನು ಮಂಡಿಗೆ ಕೊಟ್ಟಿದ್ದರೆ 170 ರೂಪಾಯಿ ಬರುತ್ತಿತ್ತು. ಇದನ್ನೂ ಖರ್ಚೆಂದೇ ಎಣಿಸಬೇಕು. ಶುದ್ಧಮಾಡಿ ಪೊಟ್ಟಣ ಕಟ್ಟುವುದಕ್ಕೆ 15 ರೂಪಾಯಿ, ಪೇಟೆಯ ಶುಲ್ಕ ಮತ್ತು ಸಾಗಾಣಿಕೆಗೆ 75 ರೂಪಾಯಿ. ಉಳಿಯುವುದು 60 ರೂಪಾಯಿ. ಒಳಗೆ ಬಂದ ಹತ್ತು ಜನರಲ್ಲಿ ಒಬ್ಬನು ಕೊಂಡರೆ, ಆ ಹತ್ತು ಕ್ಲಿಕ್ಕುಗಳ ವೆಚ್ಚ 60 ರೂಪಾಯಿಯನ್ನು ಮೀರಬಾರದು. ಎಂದರೆ ಕ್ಲಿಕ್ಕಿಗೆ 6 ರೂಪಾಯಿ ಗಡಿ. ಇಪ್ಪತ್ತು ಜನರಲ್ಲಿ ಒಬ್ಬನೇ ಕೊಳ್ಳುವುದಾದರೆ ಗಡಿಯು 3 ರೂಪಾಯಿಗೆ ಇಳಿಯುವುದು. ಈ ಗಡಿಯನ್ನು ಮುಟ್ಟಿದಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದ್ದರಿಂದ ಸವಾಲನ್ನು ಅದಕ್ಕಿಂತ ಕೆಳಗೆ ಇಡತಕ್ಕದ್ದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. Dynamic bids - up and down ಎಂಬ ಕ್ರಮವನ್ನು ಆರಿಸಿದರೆ, ಪಟ್ಟಿಯ ತುದಿಯ ಸ್ಥಾನಕ್ಕಾಗಿ ಪೇಟೆಯು ನಮ್ಮ ಸವಾಲನ್ನು ಇಮ್ಮಡಿಯವರೆಗೆ ಏರಿಸಬಹುದು. ಇದಲ್ಲದೆ ತುದಿಯ ಸ್ಥಾನಕ್ಕೆಂದು ಶೇಕಡ 100 ಹೆಚ್ಚಳವನ್ನು ನಾವೇ ಬರೆದಿದ್ದರೆ, 5 ರೂಪಾಯಿಯ ಸವಾಲು 20 ರೂಪಾಯಿಯವರೆಗೆ ಹೋಗುವುದು. ಹೊಸಬರು Dynamic bids - down only ಎಂಬುದನ್ನು ಆರಿಸುವುದು ಕ್ಷೇಮ.

ಪದಗಳನ್ನು ಆರಿಸುವುದು

ಯಾವ ಪದಕ್ಕೆ ನಮ್ಮ ಪೊಟ್ಟಣ ಕಾಣಬೇಕೆಂಬುದನ್ನು ಮೂರು ರೀತಿಯಲ್ಲಿ ಹೇಳಬಹುದು. Broad ಎಂದರೆ ಪದಗಳು ಹಿಂದುಮುಂದಾದರೂ, ಸಂಬಂಧಪಟ್ಟ ಬೇರೆ ಪದಗಳು ಬಂದರೂ ಕಾಣುವುದು. Phrase ಎಂದರೆ ನಾವು ಕೊಟ್ಟ ಪದಗಳು ಅದೇ ಕ್ರಮದಲ್ಲಿದ್ದು, ಹಿಂದೆ ಮುಂದೆ ಬೇರೆ ಪದಗಳು ಸೇರಬಹುದು. Exact ಎಂದರೆ ಏಕವಚನ ಬಹುವಚನಗಳಂಥ ಅಲ್ಪ ವ್ಯತ್ಯಾಸ ಬಿಟ್ಟರೆ ಅದೇ ಪದಗಳೇ ಆಗಬೇಕು. ಇವಲ್ಲದೆ, ಪದಗಳನ್ನು ಪೇಟೆಯೇ ಆರಿಸುವ Automatic ಎಂಬ ಕ್ರಮವೂ ಉಂಟು. ಬೇಡವಾದ ಪದಗಳನ್ನು Negative ಪಟ್ಟಿಗೆ ಸೇರಿಸಿದರೆ ಆ ಹುಡುಕಾಟಗಳಲ್ಲಿ ನಮ್ಮ ಜಾಹೀರಾತು ಕಾಣುವುದಿಲ್ಲ.

ಮೊದಲು Automatic ಕ್ರಮವನ್ನು ಎರಡು ವಾರ ನಡೆಯಿಸಿ, ಜನರು ನಿಜವಾಗಿ ಏನು ಬರೆದು ಹುಡುಕಿದರೆಂಬುದನ್ನು Search term report ಎಂಬ ತಖ್ತೆಯಿಂದ ತಿಳಿಯುವುದು ಉತ್ತಮ ಮಾರ್ಗ. ದಿನಕ್ಕೆ 100 ರೂಪಾಯಿಯಂತೆ 14 ದಿನ ನಡೆಯಿಸಿದ್ದರಲ್ಲಿ, ಕ್ಲಿಕ್ಕಿಗೆ ಸರಾಸರಿ 4 ರೂಪಾಯಿ ಬಿದ್ದು, ತಖ್ತೆಯು ಹೀಗಿತ್ತೆಂದು ಭಾವಿಸೋಣ.

| ಹುಡುಕಿದ ಪದ | ಕ್ಲಿಕ್ | ವೆಚ್ಚ (ರೂ.) | ಮಾರಾಟವಾದ ಪೊಟ್ಟಣ |
|---|---|---|---|
| black pepper whole 250g | 60 | 240 | 7 |
| kali mirch sabut | 50 | 200 | 5 |
| black pepper powder | 80 | 320 | 1 |
| white pepper | 30 | 120 | 0 |
| ಇತರ ಬಿಡಿ ಪದಗಳು | 130 | 520 | 6 |
| ಒಟ್ಟು | 350 | 1400 | 19 |

ಪೊಟ್ಟಣಕ್ಕೆ 60 ರೂಪಾಯಿಯಂತೆ 19 ಪೊಟ್ಟಣಗಳಿಂದ ಉಳಿದದ್ದು 1140 ರೂಪಾಯಿ. ವೆಚ್ಚ 1400 ರೂಪಾಯಿ. ಒಟ್ಟಿನ ಮೇಲೆ 260 ರೂಪಾಯಿ ನಷ್ಟ. ಇಷ್ಟನ್ನೇ ನೋಡಿದವನು ಜಾಹೀರಾತು ತನಗೆ ಆಗಿಬರುವುದಿಲ್ಲವೆಂದು ಬಿಟ್ಟುಬಿಡುವನು. ಆದರೆ ಮೊದಲಿನ ಎರಡು ಪದಗಳಲ್ಲಿ 440 ರೂಪಾಯಿ ವೆಚ್ಚಕ್ಕೆ 720 ರೂಪಾಯಿ ಬಂದಿದೆ. ನಷ್ಟವೆಲ್ಲ ಉಳಿದವುಗಳದು. ಪುಡಿಯನ್ನು ಹುಡುಕುವವನು ಕಾಳನ್ನು ಕೊಳ್ಳುವುದಿಲ್ಲ. ಬಿಳಿಮೆಣಸನ್ನು ಹುಡುಕುವವನಿಗೆ ಕರಿಮೆಣಸು ಬೇಡ.

ಆದ್ದರಿಂದ powder ಮತ್ತು white ಎಂಬ ಎರಡು ಪದಗಳನ್ನು Negative phrase ಪಟ್ಟಿಗೆ ಸೇರಿಸತಕ್ಕದ್ದು. ಮೊದಲಿನ ಎರಡು ಪದಗಳನ್ನು Exact ಆಗಿ ಬೇರೆ ಲೆಕ್ಕಕ್ಕೆ ತೆಗೆದು, ಒಂದಕ್ಕೆ 5 ರೂಪಾಯಿ, ಇನ್ನೊಂದಕ್ಕೆ 4.50 ರೂಪಾಯಿ ಸವಾಲಿಡಬಹುದು. ಬಿಡಿ ಪದಗಳಲ್ಲಿ ಸುಮಾರು 22 ಕ್ಲಿಕ್ಕಿಗೆ ಒಂದು ಮಾರಾಟವಾಗಿರುವುದರಿಂದ ಅವುಗಳ ಸವಾಲನ್ನು 2.50 ರೂಪಾಯಿಗೆ ಇಳಿಸಬೇಕು.

ತೀರ್ಮಾನಕ್ಕೆ ಆತುರಪಡಬಾರದು. ಹತ್ತರಲ್ಲಿ ಒಬ್ಬನು ಕೊಳ್ಳುವಂಥ ಒಳ್ಳೆಯ ಪದದಲ್ಲಿಯೂ, ಮೊದಲ 10 ಕ್ಲಿಕ್ಕುಗಳಲ್ಲಿ ಒಂದೂ ಮಾರಾಟವಾಗದಿರುವುದು ಮೂರರಲ್ಲೊಂದು ಬಾರಿ ಬರಿಯ ಆಕಸ್ಮಿಕದಿಂದಲೇ ಆಗುತ್ತದೆ. 30 ಕ್ಲಿಕ್ಕುಗಳಲ್ಲಿ ಒಂದೂ ಆಗದಿದ್ದರೆ ಅದನ್ನು ಆಕಸ್ಮಿಕವೆನ್ನುವುದು ಕಷ್ಟ. ಕ್ಲಿಕ್ ಮಾಡಿದ ಏಳು ದಿನಗಳೊಳಗೆ ಕೊಂಡದ್ದೂ ಜಾಹೀರಾತಿನ ಲೆಕ್ಕಕ್ಕೆ ಬರುವುದರಿಂದ, ಕೊನೆಯ ವಾರದ ಅಂಕಿಗಳನ್ನು ಇನ್ನೊಂದು ವಾರ ಕಳೆದ ಮೇಲೆ ಓದತಕ್ಕದ್ದು.

ಸಹಜ ಸ್ಥಾನದ ಮೇಲೆ ಪರಿಣಾಮ

ಜಾಹೀರಾತಿಗೆ ಹಣ ಕೊಟ್ಟರೆ ಸಹಜ ಸ್ಥಾನವೂ ತಾನಾಗಿ ಮೇಲಕ್ಕೇರುವುದೆಂಬ ನಂಬಿಕೆಯು ಅನೇಕರಲ್ಲಿದೆ. ಕೊಟ್ಟ ಹಣದಿಂದ ಸಹಜ ಸ್ಥಾನ ನೇರವಾಗಿ ದೊರೆಯುವುದಿಲ್ಲ. ಆದರೆ ಅಮೆಜಾನಿನ ಹುಡುಕಾಟ ವಿಭಾಗದವರು 2016ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಸರಕುಗಳ ಕ್ರಮವನ್ನು ನಿರ್ಣಯಿಸುವಾಗ ಕೊಳ್ಳುವವರ ಹಿಂದಿನ ವರ್ತನೆಯನ್ನು ಗಣನೆಗೆ ತೆಗೆದುಕೊಳ್ಳುವುದಾಗಿ ತಿಳಿಸಿದ್ದರು. ಹೊಸ ಸರಕಿಗೆ ಅಂಥ ಹಿಂದಿನ ಚರಿತ್ರೆಯಿಲ್ಲ. ಜಾಹೀರಾತಿನಿಂದ ಬಂದವರು ಕೊಂಡಲ್ಲಿ ಆ ಚರಿತ್ರೆಯು ಬೆಳೆಯುವುದು. ಬಂದವರು ಕೊಳ್ಳದೆ ಹಿಂದಿರುಗಿದರೆ ಎಷ್ಟು ಹಣ ಸುರಿದರೂ ಅದು ಬೆಳೆಯದು. ಹೊಂದಿಕೆಯಿಲ್ಲದ ಪದಗಳನ್ನು ತೆಗೆದುಹಾಕಬೇಕೆಂಬುದಕ್ಕೆ ಇದು ಎರಡನೆಯ ಕಾರಣ.

ಸ್ಥಾನವು ಏರಿತೇ ಇಲ್ಲವೇ ಎಂಬುದನ್ನು ತಿಳಿಯಲು ಒಂದು ಪುಸ್ತಕವನ್ನಿಡಬೇಕು. ವಾರಕ್ಕೊಮ್ಮೆ ಒಂದೇ ದಿನ, ಒಂದೇ ಪಿನ್‌ಕೋಡಿನಿಂದ, ನಮ್ಮ ಖಾತೆಯೊಳಗೆ ಹೋಗದೆ ಅದೇ ಪದವನ್ನು ಹುಡುಕಿ, Sponsored ಎಂದಿರುವುವನ್ನು ಬಿಟ್ಟು ನಮ್ಮ ಪೊಟ್ಟಣ ಎಷ್ಟನೆಯದೆಂದು ಎಣಿಸಿ ಬರೆಯತಕ್ಕದ್ದು. ಪಕ್ಕದಲ್ಲಿ ಆ ವಾರದ ಒಟ್ಟು ಮಾರಾಟ, ಜಾಹೀರಾತಿನ ಮಾರಾಟ ಮತ್ತು ವೆಚ್ಚ ಇವುಗಳನ್ನು ಬರೆಯತಕ್ಕದ್ದು.

ಮೊದಲ ವಾರದಲ್ಲಿ ಒಟ್ಟು 10 ಪೊಟ್ಟಣಗಳು ಮಾರಿ, ಅವುಗಳಲ್ಲಿ 9 ಜಾಹೀರಾತಿನಿಂದ ಹೋಗಿ, ವೆಚ್ಚ 340 ರೂಪಾಯಿ ಆಯಿತೆನ್ನೋಣ. ಎಂಟನೆಯ ವಾರದಲ್ಲಿ ಒಟ್ಟು 26, ಜಾಹೀರಾತಿನಿಂದ 12, ವೆಚ್ಚ 450 ರೂಪಾಯಿ. ಜಾಹೀರಾತಿಲ್ಲದ ಮಾರಾಟವು ಒಂದರಿಂದ ಹದಿನಾಲ್ಕಕ್ಕೆ ಏರಿದೆ. ಒಟ್ಟು ಮಾರಾಟದ ಹಣದಲ್ಲಿ ಜಾಹೀರಾತಿನ ಪಾಲು ಶೇಕಡ 10.6 ರಿಂದ 5.4ಕ್ಕೆ ಇಳಿದಿದೆ. ಸಹಜ ಸ್ಥಾನದ ಎಣಿಕೆಯೂ ಮೇಲಕ್ಕೆ ಬಂದಿದ್ದರೆ ಹಾಕಿದ ಹಣ ಬೇರುಬಿಟ್ಟಿತೆಂದು ತಿಳಿಯಬಹುದು.

ಒಟ್ಟು ಮಾರಾಟ 26ರಲ್ಲಿಯೇ ನಿಂತು ಜಾಹೀರಾತಿನ ಮಾರಾಟ ಮಾತ್ರ 12ರಿಂದ 18ಕ್ಕೆ ಏರಿದರೆ ಅದು ಕೇಡಿನ ಗುರುತು. ಸುಮ್ಮನೆ ಕೊಳ್ಳುತ್ತಿದ್ದವರೇ ಈಗ ಜಾಹೀರಾತನ್ನು ಒತ್ತಿ ಕೊಳ್ಳುತ್ತಿರುವರು; ಅವರಿಗಾಗಿ ನಾವು ವೃಥಾ ಹಣ ತೆರುತ್ತಿರುವೆವು. ನಮ್ಮ ಸಹಜ ಸ್ಥಾನ ಮೇಲಿರುವ ಪದಗಳಲ್ಲಿಯೂ, ನಮ್ಮ ಸರಕಿನ ಹೆಸರನ್ನೇ ಬರೆದು ಹುಡುಕುವವರಲ್ಲಿಯೂ ಹೀಗಾಗುವುದು ಹೆಚ್ಚು. ಆಗ ಆ ಒಂದು ಪದದ ಸವಾಲನ್ನು ಎರಡು ವಾರ ಅರ್ಧಕ್ಕೆ ಇಳಿಸಿ ನೋಡತಕ್ಕದ್ದು. ಒಟ್ಟು ಮಾರಾಟ ಕುಗ್ಗದಿದ್ದರೆ ಆ ವೆಚ್ಚ ಬೇಕಿರಲಿಲ್ಲವೆಂದು ಅರ್ಥ. ಈ ಪರೀಕ್ಷೆಯನ್ನು ಹಬ್ಬದ ದಿನಗಳಲ್ಲಿಯಾಗಲಿ, ಬೆಲೆಯನ್ನು ಬದಲಾಯಿಸಿದ ವಾರದಲ್ಲಿಯಾಗಲಿ ಮಾಡಕೂಡದು. ಕಾರಣವು ಯಾವುದೆಂದು ತಿಳಿಯದೆ ಹೋಗುವುದು.

ದಾಸ್ತಾನಿನ ವಿಚಾರ

ಬೆಳೆಗಾರನಿಗೆ ಮುಖ್ಯವಾದ ಒಂದು ಮಿತಿಯುಂಟು. ಸರಕು ಮುಗಿದರೆ ಜಾಹೀರಾತು ನಿಲ್ಲುವುದು. ಮಾರಾಟ ನಿಂತಂತೆ ಕಷ್ಟದಿಂದ ಪಡೆದ ಸಹಜ ಸ್ಥಾನವೂ ಜಾರುವುದು. ಮೆಣಸು ವರ್ಷಕ್ಕೊಂದೇ ಫಸಲು. ವಾರಕ್ಕೆ 26 ಪೊಟ್ಟಣಗಳೆಂದರೆ ಆರೂವರೆ ಕಿಲೋ. ಮುಂದಿನ ಕೊಯ್ಲಿನವರೆಗೆ 40 ವಾರಗಳಿದ್ದರೆ 260 ಕಿಲೋ ಒಣಮೆಣಸು ಬೇಕು. ಆದಕಾರಣ ಜಾಹೀರಾತನ್ನು ಆರಂಭಿಸುವ ಮೊದಲು ಉಗ್ರಾಣದಲ್ಲಿರುವುದನ್ನು ತೂಗಿ ನೋಡಿ, ಒಟ್ಟು ತೂಕವನ್ನು ಉಳಿದ ವಾರಗಳಿಂದ ಭಾಗಿಸತಕ್ಕದ್ದು. ವಾರದ ಮಾರಾಟ ಆ ಪಾಲನ್ನು ಮೀರುವಂತೆ ಕಂಡರೆ ಸವಾಲನ್ನು ಏರಿಸದೆ ಇಳಿಸುವುದೇ ಸರಿ.